ಅಡ್ಡಹೆಸರಿಲ್ಲದವರ ಯಾದಿ

ನನಗೆ ಅಡ್ಡಹೆಸರಿಲ್ಲ. ಇದೊಂದು ಕೊರತೆ ಎಂದು ಒಪ್ಪಿಕೊಳ್ಳಲು ನಾನು ಯಾವತ್ತೂ ತಯಾರಾಗಲಿಲ್ಲ. ನನ್ನದೊಂದು ಹೆಸರು, ಅದಾದ ಮೇಲೆ ಅಪ್ಪನ ಹೆಸರು, ಕೊನೆಗೆ ಸದ್ಯಕ್ಕೆ ಯಾವ ಊರಿನಲ್ಲಿ ನಮ್ಮ ಒಲೆ ಉರಿಯುತ್ತಿದೆಯೋ ಆ ಊರು. ನಮ್ಮ ಹಿರಿಯರು ಹೀಗೇ ಬರೆದರು, ಹೀಗೇ ಕರೆಸಿಕೊಂಡರು, ಹೀಗೇ ಹೊಲ ಉತ್ತು ಮಣ್ಣಾದರು. ಯಾರಿಗೂ ಏನೂ ಕಡಿಮೆ ಬೀಳಲಿಲ್ಲ. ಕಡಿಮೆ ಬಿದ್ದದ್ದು ಯಾದಿ ಮಾಡುವವರಿಗೆ.

ನಿಜಾಮರ ಆಳಿಕೆಯ ಕಾಲ. ನಾನು ಉದಗೀರದ ಶಾಲೆಯಲ್ಲಿ ಮರಾಠಿ ಕಲಿಸುತ್ತಿದ್ದೆ. ಮನೆಯ ಮಾತು ಕನ್ನಡ, ಬಜಾರದ ಮಾತು ಮರಾಠಿ, ಕಚೇರಿಯ ಮಾತು ಉರ್ದು. ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಆಡಿದರೂ ನಮ್ಮಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಊರ ವಾಚನಾಲಯದ ಬೀಗ ತೆಗೆದು ಕೂಡುವುದು ನಾನಾಗಿಯೇ ಹಚ್ಚಿಕೊಂಡ ಉಸಾಬರಿ. ಅಲ್ಲಿನ ಉರ್ದು ಪುಸ್ತಕಗಳನ್ನು ಒಬ್ಬ ಮುನ್ಶಿ ನೋಡಿಕೊಳ್ಳುತ್ತಿದ್ದರು. ಮರಾಠಿ ಮತ್ತು ಕನ್ನಡ ನನ್ನ ಪಾಲಿಗೆ.

ಒಂದು ದಿನ ಹೈದರಾಬಾದಿನಿಂದ ಕಾಗದ ಬಂತು. ಅಲ್ಲಿನ ಕೆಲವು ಹಿರಿಯರು ಸಂಘ ಕಟ್ಟಿಕೊಂಡಿದ್ದರು. ರಾಜ್ಯದಲ್ಲಿ ಕನ್ನಡ ಬರೆದವರದ್ದೆಲ್ಲ ಒಂದು ಯಾದಿ ಮಾಡಿ ಅಚ್ಚು ಹಾಕಿಸುವುದು ಅವರ ಬಯಕೆ. ಅಚ್ಚಾದ ಪುಸ್ತಕ ನಮ್ಮ ಕಡೆ ಎಷ್ಟಿದ್ದಾವು? ಕೈಬರಹದ ವಹಿಗಳೂ ಆಗುತ್ತವೆ ಎಂದು ಕಾಗದದಲ್ಲಿತ್ತು. ಉದಗೀರ, ನಿಲಂಗಾ, ಉಮರ್ಗಾ, ಈ ಮೂರು ತಾಲ್ಲೂಕಿನ ಕೆಲಸ ನನಗೆ ಬಂತು. ಒಂದೊಂದು ಕೃತಿಗೂ ಒಂದೊಂದು ಚೀಟಿ: ಬರೆದವರ ಹೆಸರು, ವಹಿಯಲ್ಲಿ ಏನಿದೆ, ಯಾರ ಮನೆಯಲ್ಲಿದೆ. ಚೀಟಿಗಳನ್ನು ಅಕ್ಷರದ ಸಾಲಿನಲ್ಲಿ ಜೋಡಿಸಬೇಕು. ಯಾರ ಹೆಸರಿನ ಕೆಳಗೆ ಮೂರು ಕೃತಿ ಸಿಗುತ್ತವೋ ಅವರ ವಹಿಗಳನ್ನು ಪ್ರತಿ ಮಾಡಿಸಿ ಸಂಘವೇ ಅಚ್ಚು ಹಾಕಿಸುತ್ತದೆ. ಉಳಿದವರದ್ದು ಯಾದಿಯಲ್ಲಿ ಒಂದು ಸಾಲು, ಅಷ್ಟೆ.

ಕಾಗದದ ಕೊನೆಗೆ ಒಂದು ಕಾಯಿದೆ ಇತ್ತು. ಹೆಸರಿನ ಕೊನೆಯ ಪದವನ್ನು ಮೊದಲು ಬರೆಯಬೇಕು, ಅದರ ಅಕ್ಷರದ ಪ್ರಕಾರ ಜೋಡಿಸಬೇಕು. ವಿಲಾಯತಿಯ ಯಾದಿಗಳೆಲ್ಲ ಹೀಗೇ ಇರುತ್ತವಂತೆ.

ನಾನು ತಲೆಯಾಡಿಸಿ ಕೆಲಸಕ್ಕೆ ಹತ್ತಿದೆ. ಇದನ್ನು ಮುಚ್ಚಿಡುವುದಿಲ್ಲ. ಆಗ ನನಗೆ ಹೈದರಾಬಾದಿನ ಶಿಕ್ಕಾ ಇರುವ ಕಾಗದ ಎಂದರೆ ಪಂಚಾಂಗ ಇದ್ದ ಹಾಗೆ. ಅದರಲ್ಲಿ ತಪ್ಪಿರಬಹುದು ಎಂದು ಹೊಳೆಯಲೇ ಇಲ್ಲ.

ರಜೆಗಳಲ್ಲಿ ಊರೂರು ತಿರುಗಿದೆ. ಕೆಲವು ಕಡೆ ಗಾಡಿ, ಬಹಳ ಕಡೆ ಕಾಲು. ಗುಂಜೋಟಿಯ ಒಂದು ಮನೆಯಲ್ಲಿ ಅಟ್ಟದಿಂದ ಒಂದು ವಹಿ ಇಳಿಸಿಕೊಟ್ಟರು. ಕುರಿಗಳಿಗೆ ಬರುವ ರೋಗ, ಅದರ ಮದ್ದು, ಎಲ್ಲ ಪದ್ಯದಲ್ಲಿ. ಓಣಿಯ ಆಚೆಗೆ ಬೀರಪ್ಪನ ಒಕ್ಕಲಿನವರ ಕುರಿದಡ್ಡಿಗಳಿದ್ದವು, ಅವರಿಂದ ಕೇಳಿ ಬರೆದದ್ದಿರಬೇಕು. ಕೊನೆಯಲ್ಲಿ ಬರೆದಾಕೆಯ ಹೆಸರು, ಆಕೆಯ ತಂದೆಯ ಹೆಸರು, ಗುಂಜೋಟಿ. ಹಾಳೆಗಳ ಅಂಚನ್ನು ಗೆದ್ದಲು ಆಗಲೇ ತಿಂದಿತ್ತು. ನಾನು ಚೀಟಿ ಬರೆದು 'ಗ' ಅಕ್ಷರದಲ್ಲಿ ಇಟ್ಟೆ. ಮುರುಮದಲ್ಲಿ ಒಂದು ದೊಡ್ಡ ಒಕ್ಕಲುತನದ ಮನೆ. ಅಲ್ಲಿ ಹಂತಿಯ ಹಾಡಿನ ವಹಿ ಸಿಕ್ಕಿತು, ಕಣದಲ್ಲಿ ಎತ್ತು ತಿರುಗಿಸುವಾಗ ಹಾಡುವಂಥವು. ಕೊನೆಯಲ್ಲಿ ಒಬ್ಬ ಹೆಣ್ಣುಮಗಳ ಹೆಸರು, ಗಂಡನ ಹೆಸರು, ಮುರುಮ. ಚೀಟಿ 'ಮ' ಅಕ್ಷರಕ್ಕೆ ಹೋಯಿತು. ವಲಾಂಡಿಯಿಂದ ಯಾರೋ ಬಾಣಂತಿ ಆರೈಕೆಯ ವಹಿಯೊಂದನ್ನು ವಾಚನಾಲಯಕ್ಕೇ ಕಳಿಸಿದ್ದರು. ಹೆಸರು, ಆಮೇಲೆ ಅಪ್ಪನದೂ ಗಂಡನದೂ ಇಲ್ಲದೆ ನೇರವಾಗಿ ವಲಾಂಡಿ. ಅದು 'ವ'.

ಮೂರರಲ್ಲೂ ಮೊದಲ ಪದ ಒಂದೇ. 'ಬ'ದಿಂದ ಶುರುವಾಗುವ ಹೆಸರು, ನಮ್ಮ ಕಡೆ ಮೂರು ಮನೆಗೊಬ್ಬಾಕೆಗೆ ಇರುವಂಥದ್ದು. ಕಾಯಿದೆ ನನ್ನ ಕಣ್ಣನ್ನು ಕೊನೆಯ ಪದಕ್ಕೆ ಕಟ್ಟಿಹಾಕಿತ್ತು. ಮೊದಲ ಪದ ನೋಡಿದರೂ ನೋಡಿದಂತಾಗಲಿಲ್ಲ.

ಚೀಟಿಗಳನ್ನು ವಾಚನಾಲಯದ ಜಮಖಾನದ ಮೇಲೆ ಹರಡಿದಾಗ ಮಾತ್ರ ನನಗೆ ಏನೋ ಇರಿಸುಮುರಿಸು. 'ಉ' ಅಕ್ಷರದಲ್ಲಿ ರಾಶಿ ರಾಶಿ ಜನ. ಉದಗೀರದಲ್ಲಿ ಇರುವವರು, ಇದ್ದು ಹೋದವರು, ಎಲ್ಲರೂ ಒಂದೇ ಮನೆತನದವರ ಹಾಗೆ ಒತ್ತೊತ್ತಿಗೆ ಕೂತಿದ್ದರು. 'ಪ' ಅಕ್ಷರದಲ್ಲಿ ಪಾಟೀಲರ ಜಾತ್ರೆ. ಒಬ್ಬರಿಗೆ ಅದು ಮನೆತನದ ಹೆಸರು, ಇನ್ನೊಬ್ಬರಿಗೆ ಊರ ಕೆಲಸ, ಮತ್ತೊಬ್ಬರಿಗೆ ಜನ ಮರ್ಯಾದೆಗೆ ಅಂಟಿಸಿದ್ದು. ಸಂಘದವರು ಮೊದಲೇ ಕಳಿಸಿದ್ದ ಕೆಲವು ಚೀಟಿಗಳಲ್ಲಿ ಯಾರೋ ಮಹಾನುಭಾವ ಮಠದ ಸ್ವಾಮಿಗಳನ್ನೆಲ್ಲ 'ಶ್ರೀ' ಎಂದು ಹಿಡಿದು 'ಶ' ಅಕ್ಷರದಲ್ಲಿ ತುಂಬಿದ್ದ.

ಮುನ್ಶಿಯವರು ಕನ್ನಡಕ ಏರಿಸಿ ನೋಡಿದರು.

"ಮಾಸ್ತರ್ ಸಾಬ್, ಇದು ಮಂದೀದು ಯಾದಿನೋ ಊರಿಂದು ಯಾದಿನೋ?" ಎಂದರು.

"ಕಾಯಿದೆ ಹಂಗ ಅದರೀ," ಎಂದೆ.

"ನಮ್ಮೊಳಗೂ ಅಡ್ಡಹೆಸರು ಕಮ್ಮಿನೇ. ಶಾಯಿರ ಇದ್ರ ಅವನ ಕವಿತಾದ ಹೆಸರು ಕೊನಿಗೆ ಬರ್ತದ, ಅದರ ಮ್ಯಾಲೇ ಇಡ್ತೀನಿ, ಯಾಕಂದ್ರ ಮಂದಿ ಅದನ್ನೇ ಕೇಳ್ತಾರ. ಉಳದವ್ರು ತಮ್ಮ ತಮ್ಮ ಹೆಸರಿನ ಮ್ಯಾಲೆ, ಹಿಂದಿಂದ ಅಪ್ಪಂದು. ಹೆಸರು ಎಲ್ಲಿ ಕೂತದ ನೋಡಬ್ಯಾಡ್ರಿ. ಪುಸ್ತಕ ಕೇಳಲಿಕ್ಕೆ ಬಂದಂವ ಏನಂತ ಕೇಳ್ತಾನ, ಅದು ನೋಡ್ರಿ."

ಅವರ ಮಾತು ಸರಿ ಎನ್ನಿಸಿತು. ಆದರೂ ನಾನು ಚೀಟಿ ಕದಲಿಸಲಿಲ್ಲ. ಹೇಡಿತನ ಎನ್ನಿ, ಬೇಜಾರಿಲ್ಲ.

ಕದಲಿಸಿದ್ದು ವಲಾಂಡಿಗೆ ಹೋಗಿ ಬಂದ ಮೇಲೆ. ಬಾಣಂತಿ ವಹಿಯಲ್ಲಿ ಒಂದು ಸೊಪ್ಪಿನ ಹೆಸರು ಓದಲು ಬರುತ್ತಿರಲಿಲ್ಲ, ಕೇಳಿ ಬರೋಣ ಎಂದು ಹೊರಟೆ. ಊರ ಬಾಗಿಲಲ್ಲಿ ವಹಿ ಬರೆದಾಕೆಯ ಹೆಸರು ಹೇಳಿದರೆ ಸಾಕಾಯಿತು, ಮನೆ ತೋರಿಸಿದರು. ಅದು ಆಕೆಯ ಮಗಳ ಮನೆ. ವಹಿ ಬರೆದ ಆಯಿ, ವಯಸ್ಸಾದಾಕೆ, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ. ಕಲ್ಲನ್ನು ಬೆರಳಿನಿಂದಲೇ ಹುಡುಕಿ ತೆಗೆಯುತ್ತಿದ್ದಳು. ಹೆಣ್ಣುಮಗಳು ಅಕ್ಷರ ಕಲಿತದ್ದು ಹೇಗೆ ಎಂದು ಕೇಳಿದೆ. ಮಠದ ಅಯ್ಯನವರು ತಮ್ಮಂದಿರಿಗೆ ಕಲಿಸಲು ಬರುತ್ತಿದ್ದರಂತೆ. ತಮ್ಮಂದಿರು ಕಲಿಯಲಿಲ್ಲ, ಬಾಗಿಲ ಮರೆಯಲ್ಲಿದ್ದ ಈಕೆ ಕಲಿತಳು.

ಸೊಪ್ಪಿನ ಹೆಸರು ಹೇಳಿದ ಮೇಲೆ ಆಯಿ ಕೇಳಿದಳು: "ನನ್ನ ಮೂರೂ ವಹಿ ನಿನ್ನ ಕಡಿ ಬಂದಾವೇನು?"

"ಮೂರು ಯಾವ್ವು ಆಯಿ? ಒಂದೇ ಬಂದದ."

"ಕುರಿದು ತವರಮನ್ಯಾಗ ಅದ. ಹಂತಿದು ಗಂಡನ ಮನ್ಯಾಗ ಅದ, ಮುರುಮದಾಗ. ಅಂವಾ ತೀರಿಕೊಂಡ ಮ್ಯಾಲೆ ಮಗಳ ಕಡಿ ಬಂದೆ, ಬಾಣಂತಿದು ಇಲ್ಲೇ ಬರದೆ. ನೀ ಎಲ್ಲಾ ಊರಿಗೂ ಹೋಗಿದ್ದಿ ಅಂತ ಕೇಳೀನಿ."

ನಂಬಿಕೆ ಬರದೆ ಕುರಿಯ ವಹಿಯ ಮೊದಲ ಸಾಲು ಹೇಳಿದೆ. ಆಯಿ ಕೈ ನಿಲ್ಲಿಸದೆ ಎರಡನೆಯದು ಹೇಳಿದಳು, ಮೂರನೆಯದು, ಹಾಗೇ ಕಾಲು ಕೊಳೆಯುವ ರೋಗದವರೆಗೆ ಹೋದಳು. ಗೆದ್ದಲು ತಿಂದ ಅಂಚಿನಲ್ಲಿ ಏನಿತ್ತು ಎಂಬುದೂ ಆಗ ತಿಳಿಯಿತು.

ಯಾದಿಯಲ್ಲಿ ಆಕೆಯನ್ನು ಹೇಗೆ ಬರೆದಿದ್ದೇನೆ ಎಂದು ಹೇಳಲೇಬೇಕಾಯಿತು. ಮೂರು ಅಕ್ಷರದಲ್ಲಿ ಮೂವರು ಹೆಂಗಸರು, ಒಬ್ಬೊಬ್ಬರದು ಒಂದೊಂದು ಕೃತಿ, ಅಚ್ಚಿಗೆ ಯಾರದೂ ಇಲ್ಲ. ಆಯಿ ಮೊರವನ್ನು ಬದಿಗಿಟ್ಟಳು.

"ಹೊಲ ಮಾರಿ ಬ್ಯಾರೆ ಊರಿಗೆ ಹೋದ್ರ ಮಂದಿ ಬ್ಯಾರೆ ಆಗ್ತಾರೇನು ತಮ್ಮಾ? ಊರಿನ ಹೆಸರು ನಾ ಯಾಕ ಬರದೆ? ವಹಿ ಬೇಕಾದಂವ ಹುಡುಕಿಕೊಂಡು ಬರಲಿ ಅಂತ ಬರದೆ. ಅದನ್ನೇ ನೀ ನನ್ನ ಹೆಸರು ಮಾಡಿಬಿಟ್ಟಿ."

ಆಕೆ ಮುಂದೆ ಹೇಳಿದ್ದು ಮಾತ್ರ ಇವತ್ತಿಗೂ ಕಿವಿಯಲ್ಲಿದೆ: "ಕಣ್ಣು ಹೋಗ್ಯಾವ, ತಿರುಗಿ ಬರಿಯೋದು ನನ್ನ ಕೈಲಿ ಆಗಂಗಿಲ್ಲ. ಗುಂಜೋಟಿದು ಹುಳ ತಿನ್ನಲಿಕ್ಕತ್ಯಾವ. ನಾ ಇರತನಕ ಒಂದು ಪ್ರತಿ ಆಗಲಿ ಅನ್ನೋದಿತ್ತು." ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಮೊರ ಮತ್ತೆ ತೊಡೆಯ ಮೇಲೆ ಇಟ್ಟುಕೊಂಡಳು.

ನನಗೆ ನನ್ನ ಮೇಲೇ ಸಿಟ್ಟು ಬಂತು. ಮರಾಠಿ ನೆರೆಯವರಿಗೆ ಊರಿನ ಮುಂದೆ 'ಕರ' ಹತ್ತಿದರೆ ಅದು ಅಡ್ಡಹೆಸರಾಗುತ್ತದೆ, ಮಗನಿಗೂ ಮೊಮ್ಮಗನಿಗೂ ಬರುತ್ತದೆ, ಊರು ಬಿಟ್ಟರೂ ಬಿಡುವುದಿಲ್ಲ. ನಮ್ಮವರು ಬರೆಯುವ ಊರು ಹಾಗಲ್ಲ, ಅದು ಬರೀ ವಿಳಾಸ. ಇದೇ ಮಣ್ಣಿನಲ್ಲಿ ಹುಟ್ಟಿ, ನನ್ನ ಹೆಸರಿನ ಕೊನೆಗೂ ಹಾಗೇ ಊರು ಬರೆದುಕೊಂಡು, ನಾನೇ ಇದನ್ನು ಮರೆತು ಕೂತಿದ್ದೆ.

ಆ ವಾರವೇ ಸಂಘದ ಕಾರ್ಯದರ್ಶಿ ನಿಲಂಗಾಕ್ಕೆ ಬರುವವರಿದ್ದರು, ಸುತ್ತಿನ ಚೀಟಿಗಳನ್ನು ತಪಾಸಣೆ ಮಾಡಲು. ನಾನು ಚೀಟಿಯ ಗಂಟು ಕಟ್ಟಿಕೊಂಡು ಹೋದೆ. ಕಾರ್ಯದರ್ಶಿ ಒಬ್ಬ ವಕೀಲರ ಮನೆಯ ಮುಂದಿನ ಓಸರಿಯಲ್ಲಿ ಮೇಜು ಹಾಕಿ ಕೂತಿದ್ದರು. ಕೆಟ್ಟ ಮನುಷ್ಯರಲ್ಲ. ಪ್ರತಿ ಚೀಟಿಯನ್ನೂ ಎರಡು ಸಲ ಓದುವವರು. ಅಕ್ಷರದ ಸಾಲಿನಲ್ಲಿ 'ಕಾ' ಆದ ಮೇಲೆ 'ಕಿ' ಬರಬೇಕಾದ ಕಡೆ 'ಕು' ಬಂದಿದ್ದರೆ ಊಟ ಬಿಟ್ಟು ಸರಿಮಾಡುವವರು. ಅಂಥವರ ಜೊತೆ ಜಗಳ ಕಷ್ಟ.

ನಾನು ಆಯಿಯ ಸಂಗತಿ ಹೇಳಿದೆ. ಮೂರು ಚೀಟಿ ಮುಂದಿಟ್ಟೆ.

"ಮಾಸ್ತರ್ರೇ, ಮೂವರೂ ಒಬ್ಬರೇ ಅಂತೀರಿ. ಇರಬಹುದು," ಎಂದರು. "ಒಬ್ಬರ ಸಲುವಾಗಿ ಕಾಯಿದೆ ಮುರದ್ರ ನಾಳೆ ಮತ್ತೊಬ್ಬರು ಬರ್ತಾರ. ಯಾದಿ ಅಂದ್ರ ಒಂದೇ ಶಿಸ್ತು ಇರಬೇಕು."

"ಒಬ್ಬರ ಸಲುವಾಗಿ ಬ್ಯಾಡ್ರಿ. ಅಡ್ಡಹೆಸರು ಇಲ್ಲದವರೆಲ್ಲರ ಸಲುವಾಗಿ ಬದಲ ಮಾಡ್ರಿ. ಇದ್ದವರನ್ನ ಅದರ ಮ್ಯಾಲೇ ಇಡೋಣ. ಇಲ್ಲದವರನ್ನ ಅವರವರ ಹೆಸರಿನ ಮ್ಯಾಲೆ."

"ನಿಮ್ಮ ಆಯಿಯ ಹೆಸರಿನವರು ಎಷ್ಟು ಮಂದಿ ಇದ್ದಾರ ಗೊತ್ತದೇನು? ಎಲ್ಲಾರೂ 'ಬ' ಅಕ್ಷರದಾಗ ಸಾಲಾಗಿ ನಿಂತ್ರ ಓದುವವರು ಹ್ಯಾಂಗ ಗುರುತು ಹಿಡೀಬೇಕು?"

ಇದು ನ್ಯಾಯವಾದ ಪ್ರಶ್ನೆ. ದಾರಿಯಲ್ಲಿ ನಾನೂ ಇದನ್ನೇ ಯೋಚಿಸುತ್ತ ಬಂದಿದ್ದೆ. "ಹೆಸರು ಒಂದೇ ಇದ್ರ ತಂದಿ ಇಲ್ಲಾ ಗಂಡನ ಹೆಸರಿನ ಅಕ್ಷರ ನೋಡಿ ಹಿಂದ ಮುಂದ ಮಾಡೋದು. ಅದೂ ಒಂದೇ ಇದ್ರ ಆಮ್ಯಾಲೆ ಊರು. ಊರು ಕಡೀಗೆ ಬರಲಿ, ಮೊದಲಿಗೆ ಬ್ಯಾಡ. ಮತ್ತ ಯಾರರೆ ಊರಿನ ಮ್ಯಾಲೆ ಹುಡುಕಿದ್ರ ಅಲ್ಲೊಂದು ಚೀಟಿ ಇಡೋಣ, 'ಇಂಥವರ ಹೆಸರು ನೋಡಿ' ಅಂತ."

"ವಿಲಾಯತಿಯೊಳಗ..."

"ವಿಲಾಯತಿಯವರಿಗೆ ಅಡ್ಡಹೆಸರು ಅದರೀ, ಅವರು ಅದನ್ನ ಮೊದಲು ಬರೀತಾರ. ನಮಗ ಇಲ್ಲ. ಇಲ್ಲದ್ದನ್ನ ಎಲ್ಲಿಂದ ತರಬೇಕು? ನೀವು ಕೊನೀ ಪದ ತಗೋತೀರಿ. ನಮ್ಮ ಕೊನೀ ಪದ ನಮ್ಮದಲ್ಲ."

ದನಿ ಏರಿತ್ತು. ಕಾರ್ಯದರ್ಶಿ ಮಸಿಕುಡಿಕೆಯ ಮುಚ್ಚಳ ಹಾಕಿದರು. ಅಚ್ಚಿನವರು ಕಾಯುತ್ತಿದ್ದಾರೆ, ಚೀಟಿಗಳನ್ನು ಒಂದು ವಾರದೊಳಗೆ ಕಳಿಸಿ, ಹೇಗಿವೆಯೋ ಹಾಗೆ, ಎಂದರು. ನಾನು ಗಂಟು ಕಟ್ಟಿಕೊಂಡು ಎದ್ದೆ.

ಹೇಗಿವೆಯೋ ಹಾಗೆ ಕಳಿಸುವುದಿಲ್ಲ ಎಂದು ನಿಲಂಗಾದ ಅಗಸೆಬಾಗಿಲು ದಾಟುವಾಗಲೇ ನಿಶ್ಚಯ ಮಾಡಿದ್ದೆ.

ಉದಗೀರಕ್ಕೆ ಬಂದು ಶಾಲೆಗೆ ಜ್ವರವೆಂದು ಚೀಟಿ ಬರೆದೆ. ಸುಳ್ಳೇ, ಆದರೆ ಸಿಟ್ಟೂ ಒಂದು ಬಗೆಯ ಜ್ವರವೇ. ಮುನ್ಶಿಯವರು ತಮ್ಮ ಉರ್ದು ಯಾದಿ ಮುಚ್ಚಿಟ್ಟು ಜಮಖಾನದ ಮೇಲೆ ಬಂದು ಕೂತರು. ಮೂರು ತಾಲ್ಲೂಕಿನ ಚೀಟಿಗಳ ಸಾಲನ್ನೆಲ್ಲ ಒಡೆದೆವು. 'ಉ' ರಾಶಿ ಕರಗಿತು. 'ಶ್ರೀ' ತೆಗೆದು ಸ್ವಾಮಿಗಳನ್ನು ಅವರವರ ಹೆಸರಿಗೆ ಕಳಿಸಿದೆವು. ಅಪ್ಪ, ಅವ್ವ, ಬಾಯಿ, ರಾವ್ ಎಂಬುವನ್ನು ಹೆಸರಿನ ಬಾಲದಲ್ಲೇ ಉಳಿಸಿ, ಅದರ ಮೇಲೆ ಯಾರನ್ನೂ ಇಡಬಾರದು ಎಂದು ಗೊತ್ತುಮಾಡಿದೆವು. ಪಾಟೀಲರು ಬಹಳ ಕಾಡಿದರು. ಅಣ್ಣತಮ್ಮಂದಿರು, ಮಕ್ಕಳು ಎಲ್ಲರೂ ಹಾಗೇ ಬರೆದುಕೊಳ್ಳುತ್ತಿದ್ದರೆ ಅದು ಅಡ್ಡಹೆಸರು, 'ಪ' ಅಕ್ಷರದಲ್ಲೇ ಇರಲಿ. ಒಬ್ಬನಿಗೇ ಇದ್ದರೆ ಅದು ಕೆಲಸ, ಆತ ತನ್ನ ಹೆಸರಿಗೆ ಹೋಗಲಿ. ಯಾರದು ಯಾವುದು ಎಂದು ತಿಳಿಯದಿದ್ದಾಗ ಬಜಾರಕ್ಕೆ ಹೋಗಿ ಆ ಊರಿನಿಂದ ಬಂದ ಗಾಡಿಯವರನ್ನು ಕೇಳಿ ಬರುತ್ತಿದ್ದೆ.

ಆಯಿಯ ಮೂರು ಚೀಟಿಗಳನ್ನು ಒಂದು ಮಾಡಿದೆ. ಮೇಲೆ ಆಕೆಯ ಹೆಸರು ಒಂದೇ. ಅದರ ಕೆಳಗೆ ಇಂಥವರ ಮಗಳು, ಇಂಥವರ ಹೆಂಡತಿ. ಅದರ ಕೆಳಗೆ ಮೂರು ವಹಿ, ಒಂದೊಂದರ ಮುಂದೆ ಅದನ್ನು ಬರೆದ ಊರು. 'ಗ', 'ಮ', 'ವ' ಅಕ್ಷರಗಳಲ್ಲಿ 'ನೋಡಿ' ಚೀಟಿ ಇಟ್ಟೆ.

ಗಂಟಿನ ಜೊತೆ ಕಾಗದವನ್ನೂ ಬರೆದೆ. ನಮ್ಮ ಮೂರು ತಾಲ್ಲೂಕಿನವರು ಹೀಗೆ ಅಚ್ಚಾಗುತ್ತಾರೆ, ಇಲ್ಲವಾದರೆ ಅಚ್ಚಾಗುವುದೇ ಬೇಡ, ಗಂಟನ್ನು ಹಿಂದಕ್ಕೆ ಕಳಿಸಿರಿ, ಊರೂರು ಅಲೆದು ಬರೆದವನು ನಾನು. ಈ ಧಾಟಿಯ ಕಾಗದವನ್ನು ನಾನು ಅದಕ್ಕೆ ಮೊದಲು ಯಾರಿಗೂ ಬರೆದಿರಲಿಲ್ಲ. ಟಪಾಲಿಗೆ ಹಾಕಿ ವಾಚನಾಲಯಕ್ಕೆ ಬಂದೆ. ಮುನ್ಶಿಯವರು ಚಹ ತರಿಸಿ ಕೊಟ್ಟರು.

ಬಹಳ ತಿಂಗಳು ಉತ್ತರವಿಲ್ಲ. ಆಮೇಲೆ ಅಚ್ಚಾದ ಯಾದಿಯ ಒಂದು ಪ್ರತಿ ವಾಚನಾಲಯಕ್ಕೆ ಬಂತು. ಬೇರೆ ತಾಲ್ಲೂಕುಗಳೆಲ್ಲ ಹಳೆಯ ಕಾಯಿದೆಯ ಪ್ರಕಾರ. ನಮ್ಮ ಮೂರು ಮಾತ್ರ ಕೊನೆಗೆ, ಬೇರೆ ಭಾಗವಾಗಿ, ನಾನು ಜೋಡಿಸಿದ ಹಾಗೇ. ಬೇಲಿಯಾಚೆ ಕಟ್ಟಿದ ದನದಂತೆ ನಮ್ಮನ್ನು ದೂರ ನಿಲ್ಲಿಸಿದ್ದರು, ಆದರೆ ನಿಲ್ಲಿಸಿದ್ದರು. 'ಬ' ಅಕ್ಷರದಲ್ಲಿ ಆಯಿ, ಕೆಳಗೆ ಮೂರು ಕೃತಿ. ಮೊದಲ ಪುಟದಲ್ಲಿ ಚೀಟಿ ಬರೆದವರ ಹೆಸರುಗಳಿದ್ದವು. ಒಂದೊಂದು ತಾಲ್ಲೂಕಿಗೆ ಒಬ್ಬೊಬ್ಬರು. ಉದಗೀರ, ನಿಲಂಗಾ, ಉಮರ್ಗಾ ಇವುಗಳ ಎದುರು ಜಾಗ ಖಾಲಿ.

ಕೆಟ್ಟೆನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ಆ ಪುಟ ತೆರೆಯಲಿಲ್ಲ. ಮೂರನೆಯ ದಿನ ಸಂಘದ ಕಾಗದ ಬಂತು, ನಾಲ್ಕೇ ಸಾಲು: ಕೃತಿ ಮೂರಿರುವುದರಿಂದ ವಹಿಗಳ ಶುದ್ಧಪ್ರತಿ ಕಳಿಸುವುದು. ಕಾಯಿದೆ ಮುರಿಯದ ಕಾರ್ಯದರ್ಶಿ ಮೂರು ಕೃತಿಯ ಆ ಕಾಯಿದೆಯನ್ನೂ ಮುರಿಯಲಿಲ್ಲ. ಅದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಒಂದಿಷ್ಟು ಗೌರವವಿದೆ.

ಬೇಸಿಗೆ ರಜೆಯಲ್ಲಿ ಮೂರು ಊರಿನಿಂದ ವಹಿಗಳನ್ನು ಒಟ್ಟುಮಾಡಿ ವಲಾಂಡಿಯಲ್ಲಿ ಠಾಣ್ಯ ಹೂಡಿದೆ. ನಾನು ಓದುತ್ತ ಬರೆಯುವುದು, ಆಯಿ ಕೇಳುತ್ತ ತಿದ್ದುವುದು. ಕಣ್ಣಿಲ್ಲದಿದ್ದರೂ ಒಂದು ಅಕ್ಷರ ಜಾರಲು ಬಿಡುತ್ತಿರಲಿಲ್ಲ. ಯಾದಿಯ ಮೇಲೆ ಬೆರಳು ಇರಿಸಿ ತನ್ನ ಹೆಸರು ಎಲ್ಲಿದೆ ಎಂದು ಒಮ್ಮೆ ತೋರಿಸಿಕೊಂಡಳು, ಹ್ಞೂಂ ಎಂದಳು, ಮತ್ತೆ ಕೇಳಲಿಲ್ಲ. ಆಮೇಲೆ ನನ್ನದು ಎಲ್ಲಿದೆ ಎಂದು ಕೇಳಿದಳು.

"ನಂದು ಇಲ್ಲ ಆಯಿ."

"ಯಾಕ?"

ಹೇಳಿದೆ. ಆಯಿ ಮುಂದಿನ ಸಾಲು ಓದು ಎಂದಳು.

ಬಾಣಂತಿ ವಹಿಯ ಕೊನೆಯ ಸಾಲು ಮುಗಿದ ದಿನ ನಾನು ಹಾಳೆಗಳನ್ನು ಹೊಂದಿಸಿ ದಾರ ಪೋಣಿಸಲು ಹೊರಟಾಗ ಆಯಿ ತಡೆದಳು.

"ಪ್ರತಿ ಮಾಡಿದಂವನ ಹೆಸರಿಲ್ಲದ ವಹಿ ನಾ ಕಂಡಿಲ್ಲ. ಬರಿ."

"ಬ್ಯಾಡ ಆಯಿ, ಅವರು..."

"ವಹಿ ಯಾರದು?"

ಬರೆದೆ. ಇಂಥವನು ಪ್ರತಿ ಮಾಡಿದ್ದು, ಇಂಥವರ ಮಗ, ಉದಗೀರ. ಒಂದು ಪುಟದಲ್ಲಿ ಒಂದೇ ಸಾಲು. ಓದಿಸಿ ಕೇಳಿದಳು, ಹಾಳೆ ಮುಟ್ಟಿ ನೋಡಿದಳು. ವಹಿ ಹೈದರಾಬಾದಿಗೆ ಹೋಯಿತು.

ಮಳೆಗಾಲದಲ್ಲಿ ಉತ್ತರ ಬಂತು. ಅಚ್ಚಿಗೆ ಎಲ್ಲ ಸಿದ್ಧವಿದೆ, ಕೊನೆಯ ಪುಟವೊಂದನ್ನು ಕೈಬಿಡಲಾಗುವುದು, ಕೃತಿಕಾರರ ಒಪ್ಪಿಗೆ ಪಡೆದು ತಿಳಿಸುವುದು. ಇಷ್ಟು ಸಣ್ಣ ಮಾತಿಗೆ ಆಯಿಯ ಪುಸ್ತಕ ನಿಲ್ಲಬಾರದು ಎಂದು ನನಗೆ ಮನಃಪೂರ್ವಕವಾಗಿ ಅನ್ನಿಸಿತ್ತು. ಆಗಲಿ ಎಂದು ಬರೆಯೋಣ ಎಂದೇ ವಲಾಂಡಿಗೆ ಹೋದೆ. ಆಯಿ ಹಾಸಿಗೆ ಹಿಡಿದಿದ್ದಳು. ಕಾಗದ ಓದಿ ಹೇಳಿದೆ. ಒಪ್ಪಿಗೆ ಕೊಟ್ಟುಬಿಡು ಎಂದೂ ಹೇಳಿದೆ, ಎರಡು ಸಲ ಹೇಳಿದೆ.

ಆಯಿ ಗೋಡೆಯ ಕಡೆ ಇದ್ದವಳು ಹೊರಳಿದಳು. "ಆ ಪುಟ ತಗದ್ರ ಮೂರೂ ವಹಿ ತಿರುಗಿ ಕಳಸ್ರಿ ಅಂತ ಬರಿ," ಎಂದಳು. "ನನ್ನ ಹೆಸರಿನ ಮ್ಯಾಲೇ ಬರಿ. ಊರು ಹಾಕಬ್ಯಾಡ."

ಅಲ್ಲೇ ಕೂತು, ಆಕೆ ಹೇಳಿದಷ್ಟೇ ಬರೆದೆ. ಪುಸ್ತಕ ಅಚ್ಚಾಗಿ ಬಂದಾಗ ಆಕೆ ಇನ್ನೂ ಇದ್ದಳು. ಕೊನೆಯ ಪುಟವೂ ಇತ್ತು.